ಕೊನೆಯ ಪ್ಯಾರಾಕ್ಕೆ ನಲವತ್ತು ಸೆಕೆಂಡು

ಮಗೂ,

ಆಕಾಶವಾಣಿಯಲ್ಲಿ ಕೆರೆ ಹೂಳಿನ ಬಗ್ಗೆ ಹತ್ತು ನಿಮಿಷ ಮಾತನಾಡಬೇಕು, ಅದೂ ನೇರ ಪ್ರಸಾರ ಎಂದು ನೀನು ಫೋನಿನಲ್ಲಿ ಹೇಳಿದಾಗ ನಿನ್ನ ದೊಡ್ಡಮ್ಮ ಸಿಹಿ ಮಾಡಲು ಎದ್ದಳು. ನಾನು ಹಳೇ ಟ್ರಂಕು ತೆಗೆದು ನನ್ನ ಕಾಲದ ಸ್ಕ್ರಿಪ್ಟುಗಳನ್ನು ಹುಡುಕಿದೆ. ಇಲಿ ತಿಂದು ಉಳಿದದ್ದು ಆರೇಳು. ಎಲ್ಲದರ ಅಂಚಿನಲ್ಲೂ ಪೆನ್ಸಿಲಿನಲ್ಲಿ ಬರೆದ ಅಂಕಿಗಳಿವೆ. ಒಂದರಲ್ಲಿ ಮಾತ್ರ ಏನೂ ಇಲ್ಲ. ಅದು ನನ್ನ ಮೊದಲ ನೇರ ಪ್ರಸಾರದ ಸ್ಕ್ರಿಪ್ಟು. ಅದರ ಕತೆಯಿಂದಲೇ ಶುರುಮಾಡುತ್ತೇನೆ.

ಆಗ ನಾನು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ವಿಷಯ ಹಾವು ಕಚ್ಚಿದಾಗ ಮಾಡಬೇಕಾದ ಪ್ರಥಮ ಚಿಕಿತ್ಸೆ. ಜನ ಮಾಡುವ ತಪ್ಪುಗಳನ್ನೆಲ್ಲ ಮೊದಲು ವರ್ಣಿಸಿ, ಸರಿಯಾದದ್ದನ್ನು ಕೊನೆಗೆ ಹೇಳಿದರೆ ಮನಸ್ಸಿನಲ್ಲಿ ನಿಲ್ಲುತ್ತದೆ ಎಂಬ ಮೇಷ್ಟ್ರ ಲೆಕ್ಕ ನನ್ನದು. ಹಗ್ಗದಿಂದ ಬಿಗಿಯಾಗಿ ಕಟ್ಟುವುದು, ಬ್ಲೇಡಿನಿಂದ ಕೊಯ್ಯುವುದು, ಬಾಯಿಂದ ಹೀರುವುದು, ಎಲ್ಲವನ್ನೂ ವಿಸ್ತಾರವಾಗಿ ಹೇಳಿದೆ. ನನ್ನ ನಂತರ ದೆಹಲಿಯಿಂದ 7:35ರ ಕನ್ನಡ ವಾರ್ತೆ. ಅದು ಯಾರಿಗೂ ಕಾಯುತ್ತಿರಲಿಲ್ಲ. ದೆಹಲಿಯಲ್ಲಿ ಓದುವವರು ಬಾಯಿ ತೆರೆಯುವ ಹೊತ್ತಿಗೆ ಸ್ಥಳೀಯ ನಿಲಯ ತನ್ನ ಮಾತು ನಿಲ್ಲಿಸಿ ಆ ಲೈನಿಗೆ ಹೊರಳಿರಲೇಬೇಕಿತ್ತು. 'ಹಾಗಾದರೆ ಏನು ಮಾಡಬೇಕು? ಇವುಗಳಲ್ಲಿ ಯಾವುದನ್ನೂ ಮಾಡದೆ...' ಎಂದು ನಾನು ಓದುತ್ತಿದ್ದಾಗ ಗಾಜಿನ ಆಚೆ ಕೂತಿದ್ದವರು ನನ್ನ ದನಿಯನ್ನು ಮೆಲ್ಲಗೆ ಇಳಿಸಿಬಿಟ್ಟರು. ಅವರದೇನೂ ತಪ್ಪಿಲ್ಲ. ಕಚ್ಚಿದ ಕೈಕಾಲು ಅಲುಗಿಸದೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ ಎಂಬ ಮಾತು ಸ್ಟುಡಿಯೋದ ಗೋಡೆಗಳಿಗೆ ಮಾತ್ರ ಕೇಳಿಸಿತು. ಮರುದಿನ ಹಾಲಿನವನು, 'ಬಿಗಿಯಾಗಿ ಕಟ್ಟಬೇಕು ಅಂದ್ರಲ್ಲ ಮೇಷ್ಟ್ರೇ, ಚೆನ್ನಾಗಿ ಹೇಳಿದ್ರಿ' ಎಂದ.

ಆಮೇಲೆ ಒಬ್ಬ ಹಿರಿಯ ಉದ್ಘೋಷಕರು ನನ್ನನ್ನು ಕ್ಯಾಂಟೀನಿನಲ್ಲಿ ಕೂರಿಸಿಕೊಂಡು ಸ್ಕ್ರಿಪ್ಟಿಗೆ ಸಮಯದ ಗುರುತು ಹಾಕುವುದನ್ನು ಕಲಿಸಿದರು. ಅವರು ಹೇಳಿಕೊಟ್ಟದ್ದಕ್ಕೆ ನಾನು ತಪ್ಪು ಮಾಡಿ ಕಲಿತದ್ದನ್ನು ಸೇರಿಸಿ, ನೀನು ಕಳಿಸಿದ ಬರಹವನ್ನೇ ಮುಂದಿಟ್ಟುಕೊಂಡು ಹೇಳುತ್ತೇನೆ.

ಮೊದಲು ನಿನಗೆ ಸಿಗುವ ಸಮಯ ಎಷ್ಟೆಂದು ನೋಡು. ಕಾರ್ಯಕ್ರಮ 7:15ಕ್ಕೆ ಶುರು, 7:25ಕ್ಕೆ ಮುಕ್ತಾಯ. ಆದರೆ ಆ ಹತ್ತು ನಿಮಿಷವೂ ನಿನ್ನದಲ್ಲ. ನಿನ್ನ ಹೆಸರು, ವಿಷಯ ಹೇಳಿ ನಿನ್ನನ್ನು ಪರಿಚಯಿಸಲು ಉದ್ಘೋಷಕರಿಗೆ 20 ಸೆಕೆಂಡು ಬೇಕು. ಕೊನೆಗೆ 'ಇದುವರೆಗೆ ಕೇಳಿದಿರಿ' ಎನ್ನಲು 15 ಸೆಕೆಂಡು. ಉಳಿದದ್ದು 9 ನಿಮಿಷ 25 ಸೆಕೆಂಡು. ಅದರಲ್ಲೂ 10 ಸೆಕೆಂಡು ಕೆಮ್ಮಿಗೆ, ತೊದಲಿಗೆ ಎಂದು ತೆಗೆದಿಡು. ಅಂದರೆ ನೀನು ಬರೆಯಬೇಕಾದದ್ದು 9 ನಿಮಿಷ 15 ಸೆಕೆಂಡಿನ ಬರಹ. ಪರಿಚಯಕ್ಕೂ ಮುಕ್ತಾಯಕ್ಕೂ ಎಷ್ಟು ಸಮಯ ಹಿಡಿಯುತ್ತದೆ ಎಂದು ಕಾರ್ಯಕ್ರಮ ನಿರ್ವಾಹಕರನ್ನು ಮುಂಚೆಯೇ ಕೇಳಿ ಬರೆದುಕೊ. ನಾಚಿಕೆ ಬೇಡ, ಹೀಗೆ ಕೇಳುವವರನ್ನು ಕಂಡರೆ ಅವರಿಗೆ ಖುಷಿಯೇ.

ನಿನ್ನ ಮೊದಲ ಪ್ರತಿಯಲ್ಲಿ 1200 ಪದಗಳಿದ್ದವು. ನಿಮಿಷಕ್ಕೆ 130 ಪದ ಎಂಬ ಲೆಕ್ಕವನ್ನು ನೀನು ಎಲ್ಲಿಂದಲೋ ತಂದಿದ್ದೆ. ಅದು ಇಂಗ್ಲಿಷ್ ಓದುವವರ ಲೆಕ್ಕ ಕಣಮ್ಮ. ನಮ್ಮಲ್ಲಿ 'ಹೋಗಬೇಕಾಗಿತ್ತಂತೆ' ಎಂಬುದು ಒಂದೇ ಪದ. ವಿಭಕ್ತಿ, ಕಾಲ, ಅನುಮಾನ ಎಲ್ಲವನ್ನೂ ಬೆನ್ನಿಗೆ ಕಟ್ಟಿಕೊಂಡು ಹೋಗುವ ಪದಗಳು ನಮ್ಮವು, ಹಾಗಾಗಿ ಒಂದೊಂದಕ್ಕೂ ಹೆಚ್ಚು ಹೊತ್ತು ಹಿಡಿಯುತ್ತದೆ. ರೇಡಿಯೋದಲ್ಲಿ ಅರ್ಥವಾಗುವಂತೆ ಓದಿದರೆ ನನ್ನ ವೇಗ ನಿಮಿಷಕ್ಕೆ ಸುಮಾರು 100 ಪದ. ನಿನ್ನದೂ ಅಷ್ಟೇ ಬಂತು, ಆ 1200 ಪದಕ್ಕೆ 12 ನಿಮಿಷ ಹಿಡಿಯಿತಲ್ಲ. ಈಗ 920ಕ್ಕೆ ಇಳಿಸಿದ್ದೀಯ, ಸರಿಯಾಗಿದೆ. ಆದರೂ ಪದಗಳ ಎಣಿಕೆಯನ್ನು ಬರೆಯುವಾಗ ಅಂದಾಜಿಗೆ ಮಾತ್ರ ಇಟ್ಟುಕೊ. ಅಂಕಿಗಳ ಹತ್ತಿರ ಅದು ಮೋಸ ಮಾಡುತ್ತದೆ. ನಿನ್ನ ನಾಲ್ಕನೆಯ ಪ್ಯಾರಾದಲ್ಲಿ '1,47,350' ಎಂದಿದೆ. ಕಾಗದದ ಮೇಲೆ ಅದು ಒಂದು ಪದ. ಬಾಯಲ್ಲಿ 'ಒಂದು ಲಕ್ಷದ ನಲವತ್ತೇಳು ಸಾವಿರದ ಮುನ್ನೂರ ಐವತ್ತು' ಎಂದು ಇಪ್ಪತ್ತು ಅಕ್ಷರ, ಮೂರೂವರೆ ಸೆಕೆಂಡು. ಇಂಥವು ಆ ಪ್ಯಾರಾದಲ್ಲಿ ನಾಲ್ಕಿವೆ. 'ಸುಮಾರು ಒಂದೂವರೆ ಲಕ್ಷ' ಎಂದರೆ ಒಂಬತ್ತೇ ಅಕ್ಷರ. ಬೆಳಗ್ಗೆ ಹಲ್ಲುಜ್ಜುತ್ತ ಕೇಳುವವರಿಗೆ ಆ ಮುನ್ನೂರ ಐವತ್ತು ಹೇಗೂ ತಲೆಗೆ ಹತ್ತುವುದಿಲ್ಲ.

ಇನ್ನು ಅಳತೆ. ಮನಸ್ಸಿನಲ್ಲೇ ಓದಿ ಅಳೆಯಬೇಡ. ಕಣ್ಣು ಯಾವಾಗಲೂ ನಾಲಿಗೆಗಿಂತ ಮುಂದೆ ಓಡುತ್ತದೆ. ಬಾಗಿಲು ಹಾಕಿಕೊಂಡು, ಕುರ್ಚಿಯಲ್ಲಿ ನೆಟ್ಟಗೆ ಕೂತು, ಸ್ಟುಡಿಯೋದಲ್ಲಿ ಓದುವಷ್ಟೇ ದನಿಯಲ್ಲಿ ಮೂರು ಸಲ ಓದು. ಮೊದಲ ಸಲದ ಸಮಯವನ್ನು ಲೆಕ್ಕಕ್ಕೆ ಹಿಡಿಯಬೇಡ, ಅದು ಬಾಯಿ ಪಳಗುವುದಕ್ಕೆ. ಉಳಿದ ಎರಡರಲ್ಲಿ ಹೆಚ್ಚು ಹೊತ್ತು ಹಿಡಿದದ್ದು ಯಾವುದೋ ಅದನ್ನೇ ನಂಬು. ನಡುವೆ ತೊದಲಿದರೆ ಗಡಿಯಾರ ನಿಲ್ಲಿಸಬೇಡ, ಅಲ್ಲಿಯೂ ತೊದಲುತ್ತೀಯ. ಎಲ್ಲಕ್ಕಿಂತ ಮುಖ್ಯ, ಒಂದೊಂದೇ ಪ್ಯಾರಾ ಓದಿ ಅಳೆದು ಕೂಡಿಸಲು ಹೋಗಬೇಡ. ಎರಡು ಪ್ಯಾರಾಗಳ ನಡುವೆ ಉಸಿರಿಗೆ, ಹಾಳೆ ಸರಿಸುವುದಕ್ಕೆ ಒಂದೆರಡು ಸೆಕೆಂಡು ಹೋಗುತ್ತದೆ. ಎಂಟು ಪ್ಯಾರಾಕ್ಕೆ ಅದೇ ಹತ್ತು ಸೆಕೆಂಡು. ನಾವು ಕೆಮ್ಮಿಗೆಂದು ಎತ್ತಿಟ್ಟದ್ದು ಅಲ್ಲೇ ಮುಗಿದುಹೋಗುತ್ತದೆ. ಒಂದೇ ಓಟದಲ್ಲಿ ಓದುತ್ತಾ ಹೋಗು. ನಿನ್ನ ತಮ್ಮ ಪಕ್ಕದಲ್ಲಿ ಕೂತು, ಪ್ರತಿ ಪ್ಯಾರಾ ಮುಗಿದಾಗ ಗಡಿಯಾರದಲ್ಲಿ ಎಷ್ಟಾಗಿದೆ ಎಂದು ಬರೆದುಕೊಳ್ಳಲಿ.

ಕಳೆದ ಭಾನುವಾರ ಫೋನಿನಲ್ಲಿ ನೀನು ಓದಿದಾಗ ಬಂದ ಲೆಕ್ಕ ನನ್ನ ಹತ್ತಿರ ಇದೆ. ಪೀಠಿಕೆ 50 ಸೆಕೆಂಡು. ಏರಿ, ತೂಬು, ಕೋಡಿ ಎಂದು ಕೆರೆಯ ರಚನೆ ಹೇಳುವ ಎರಡನೆಯ ಪ್ಯಾರಾ 1 ನಿಮಿಷ 40 ಸೆಕೆಂಡು. ಹೂಳು ಹೇಗೆ ಬರುತ್ತದೆ ಎನ್ನುವುದು 1:35. ತೆಗೆಯುವ ಖರ್ಚು, ಅಂಕಿಗಳು 1:50. ಐದನೆಯದು ಪಕ್ಕದ ಊರಿನ ಅನುಭವ, 35 ಸೆಕೆಂಡು. ಆರನೆಯದು ಹೂಳನ್ನು ಹೊಲಕ್ಕೆ ಹರಡುವ ವಿಚಾರ, 1:45. ಏಳನೆಯದು ಒಬ್ಬ ಅಜ್ಜನ ಮಾತು, 20 ಸೆಕೆಂಡು. ಕೊನೆಯದು 40 ಸೆಕೆಂಡು. ಕೂಡಿಸಿದರೆ ಸರಿಯಾಗಿ 9 ನಿಮಿಷ 15 ಸೆಕೆಂಡು.

ಈಗ ಪೆನ್ಸಿಲು ಹಿಡಿ. ಪೆನ್ನು ಬೇಡ, ಸಮಯ ಬದಲಾಗುತ್ತದೆ. ಎಡ ಅಂಚಿನಲ್ಲಿ ಬರೆ. ಕಣ್ಣು ಪ್ರತಿ ಸಾಲಿನ ಮೊದಲಿಗೆ ಎಡಕ್ಕೇ ಮರಳುತ್ತದೆ, ಬಲದಲ್ಲಿ ಬರೆದರೆ ಅದನ್ನು ಹುಡುಕಿಕೊಂಡು ಹೋಗಬೇಕಾಗುತ್ತದೆ. ಗುರುತನ್ನು ಪ್ಯಾರಾದ ಮೊದಲ ಸಾಲಿನ ಪಕ್ಕಕ್ಕೆ ಹಾಕು. 'ಈ ಸಾಲು ಶುರುಮಾಡುವಾಗ ಗಡಿಯಾರ ಇಷ್ಟು ತೋರಿಸಬೇಕು' ಎಂಬುದೇ ಅದರ ಅರ್ಥ. ಗಂಟೆ ಬರೆಯುವುದು ಬೇಡ, ನಿಮಿಷ ಸೆಕೆಂಡು ಸಾಕು. ಅಕ್ಷರಕ್ಕಿಂತ ಎರಡರಷ್ಟು ದಪ್ಪವಾಗಿ ಬರೆದು ಸುತ್ತ ಒಂದು ಸೊನ್ನೆ ಎಳೆ, ಇಲ್ಲದಿದ್ದರೆ ಗಡಿಬಿಡಿಯಲ್ಲಿ ಅದನ್ನೂ ಓದಿಬಿಡುತ್ತೀಯ. ನಕ್ಕೆಯಾ? ಒಬ್ಬರು 'ಹದಿನೇಳು ಐವತ್ತು' ಎಂದು ಓದಿದ್ದನ್ನು ನಾನೇ ಕೇಳಿದ್ದೇನೆ. ಕೇಳುಗರು ಅದನ್ನು ಯಾವುದೋ ಧಾರಣೆ ಎಂದುಕೊಂಡಿರಬೇಕು.

ಎಲ್ಲ ಪ್ಯಾರಾಕ್ಕೂ ಗುರುತು ಬೇಡ. ನಾಲ್ಕು ಸಾಕು. ನೀನು ಬಾಯಿ ತೆರೆಯುವುದು 15 ನಿಮಿಷ 20 ಸೆಕೆಂಡಿಗೆ. ಹಾಗಾಗಿ ಮೂರನೆಯ ಪ್ಯಾರಾದ ಎದುರು 17:50, ಐದನೆಯದರ ಎದುರು 21:15, ಏಳನೆಯದರ ಎದುರು 23:35, ಕೊನೆಯದರ ಎದುರು 23:55. ಪೀಠಿಕೆ ಮುಗಿದಲ್ಲಿ ಬೇಕೆಂದೇ ಬಿಟ್ಟಿದ್ದೇನೆ. ಕೆಂಪು ದೀಪ ಹತ್ತಿದ ಮೊದಲ ನಿಮಿಷದಲ್ಲಿ ಎಲ್ಲರೂ ಓಡುತ್ತಾರೆ, ನಾನಂತೂ ಕೊನೆಯವರೆಗೂ ಓಡಿದೆ. ಅಲ್ಲಿ ಗಡಿಯಾರ ನೋಡಿದರೆ ಬೇಕಾದಷ್ಟು ಸಮಯವಿದೆ ಎನಿಸಿ ಎಳೆಯಲು ತೊಡಗುತ್ತೀಯ. ಎರಡನೆಯ ಪ್ಯಾರಾದ ಹೊತ್ತಿಗೆ ಎದೆಬಡಿತ ತಾನೇ ಇಳಿದು ನಿನ್ನ ನಿಜವಾದ ವೇಗ ಬಂದಿರುತ್ತದೆ. 17:50ರ ಗುರುತನ್ನೂ ಸುಮ್ಮನೆ ನೋಡಿ ತಿಳಿದುಕೊ, ಅಲ್ಲಿ ಏನನ್ನೂ ಬದಲಿಸಬೇಡ. ತೀರ್ಮಾನ ಮಾಡುವ ಜಾಗಗಳು ಉಳಿದ ಮೂರು.

ಗೋಡೆ ಗಡಿಯಾರದ ಸಮಯವನ್ನೇ ಯಾಕೆ ಬರೆಯಬೇಕು, ಸ್ಟಾಪ್‌ವಾಚಿನ ಸೊನ್ನೆಯಿಂದ ಎಣಿಸಬಾರದೇ ಎಂದು ಕೇಳಿದೆಯಲ್ಲ. ಉದ್ಘೋಷಕರು ನಿನ್ನ ಪರಿಚಯವನ್ನು 20ರ ಬದಲು 27 ಸೆಕೆಂಡು ಮಾಡಿದರು ಎಂದುಕೊ. ಸ್ಟಾಪ್‌ವಾಚು ನಿನ್ನ ಮೊದಲ ಮಾತಿನಿಂದ ಶುರುವಾಗುತ್ತದೆ, ಅದರ ಪ್ರಕಾರ ಎಲ್ಲವೂ ಸರಿಯಾಗಿರುತ್ತದೆ, ಆದರೆ ನೀನು ಆಗಲೇ 7 ಸೆಕೆಂಡು ಹಿಂದೆ ಇರುತ್ತೀಯ. ಮುಕ್ತಾಯದ ಹೊತ್ತು ಗೋಡೆಯ ಮೇಲಿದೆ, ಆದ್ದರಿಂದ ಗುರುತೂ ಗೋಡೆಯದೇ ಇರಲಿ. ಮುಂದೆ ಯಾವುದಾದರೂ ವಿಚಾರ ಸಂಕಿರಣದಲ್ಲಿ 'ಇಪ್ಪತ್ತು ನಿಮಿಷ' ಎಂದು ಕರೆದು, ಸ್ವಾಗತ, ಹಾರ ಮುಗಿಸಿ ಮುಕ್ಕಾಲು ಗಂಟೆ ತಡವಾಗಿ ನಿನ್ನನ್ನು ನಿಲ್ಲಿಸಿದಾಗ ಇದು ತಿರುಗುಮುರುಗಾಗುತ್ತದೆ. ಅಲ್ಲಿ ಸೊನ್ನೆಯಿಂದ ಎಣಿಸಿದ ಗುರುತೇ ಬೇಕು. ಕೈಗಡಿಯಾರದ ಮುಳ್ಳನ್ನು ಹನ್ನೆರಡಕ್ಕೆ ತಿರುಗಿಸಿಟ್ಟು ಶುರುಮಾಡುವುದು ಹಳಬರ ಉಪಾಯ. ಟೆಡ್ ಭಾಷಣಗಳಲ್ಲಿ ಸಾಮಾನ್ಯವಾಗಿ 18 ನಿಮಿಷದ ಮಿತಿ, ಮಾತನಾಡುವವರ ಎದುರು ಸಮಯ ಇಳಿಯುತ್ತ ಹೋಗುವ ಗಡಿಯಾರ. ಅಂಥ ಕಡೆ 'ಇನ್ನೆಷ್ಟು ಉಳಿದಿದೆ' ಎಂಬುದನ್ನು ಅಂಚಿನಲ್ಲಿ ಬರೆದಿರಬೇಕು. ಮಾತಿನ ನಡುವೆ ಹದಿನೆಂಟರಿಂದ ಏಳೂವರೆ ಕಳೆಯುವುದು ಯಾರಿಂದಲೂ ಆಗುವುದಿಲ್ಲ.

ಗುರುತು ಹಾಕಿದರೆ ಅರ್ಧ ಕೆಲಸ ಆದಂತೆ. ತಡವಾಗಿದೆ ಎಂದು ಗೊತ್ತಾದ ಮೇಲೆ ಏನು ಮಾಡಬೇಕು ಎಂಬುದೂ ಅಂಚಿನಲ್ಲಿಯೇ ಇರಬೇಕು. ಬಹಳ ಜನ ಇಲ್ಲಿ ವೇಗ ಹೆಚ್ಚಿಸುತ್ತಾರೆ. ಲೆಕ್ಕ ಮಾಡಿ ನೋಡು. ಆರನೆಯ ಪ್ಯಾರಾ ಶುರುಮಾಡುವಾಗ ನೀನು 30 ಸೆಕೆಂಡು ಹಿಂದೆ ಇದ್ದೀಯ ಎಂದಿಟ್ಟುಕೊ. ಉಳಿದ ಬರಹ 165 ಸೆಕೆಂಡಿನದು, ಅದನ್ನು 135 ಸೆಕೆಂಡಿನಲ್ಲಿ ಓದಬೇಕು. ಐದನೆಯ ಒಂದು ಪಾಲಿಗಿಂತ ಹೆಚ್ಚು ವೇಗ. ನಾಲಿಗೆ ತೊಡರುತ್ತದೆ, ತೊಡರಿದ್ದನ್ನು ಮತ್ತೆ ಹೇಳುತ್ತೀಯ, ಉಳಿಸಿದ್ದು ಅಲ್ಲೇ ಖರ್ಚು. ಆದ್ದರಿಂದ ಓದುವ ವೇಗ ಮುಟ್ಟಬೇಡ, ಬರಹವನ್ನು ಕತ್ತರಿಸು. ಎಲ್ಲಿ ಕತ್ತರಿಸಬೇಕು ಎಂಬುದನ್ನು ಇಂದೇ, ಮನೆಯಲ್ಲಿ, ಕಾಫಿ ಕುಡಿಯುತ್ತ ತೀರ್ಮಾನಿಸಿಬಿಡು. ಮೈಕಿನ ಮುಂದೆ ಕೂತು ಯಾವ ಪ್ಯಾರಾ ಬಿಡಲಿ ಎಂದು ಯೋಚಿಸಲು ತೊಡಗಿದರೆ ಬಾಯಿ ಓದುತ್ತಿದ್ದ ಸಾಲೇ ತಪ್ಪುತ್ತದೆ.

ನಿನ್ನ ಬರಹದಲ್ಲಿ ಬಿಡಬಹುದಾದವು ಐದು ಮತ್ತು ಏಳನೆಯ ಪ್ಯಾರಾ. ಎರಡಕ್ಕೂ ಚೌಕ ಕಂಸ ಹಾಕಿ, ಮೇಲೆ 35, 20 ಎಂದು ಬರೆ. ಬಿಟ್ಟರೆ ಉಳಿಯುವ ಸೆಕೆಂಡುಗಳು ಅವು. ಎರಡೂ ಬರಹದ ಹಿಂದಿನ ಅರ್ಧದಲ್ಲಿರುವುದು ಒಳ್ಳೆಯದೇ ಆಯಿತು. ತಡ ಗೊತ್ತಾಗುವ ಮೊದಲೇ ದಾಟಿಹೋದ ಕಂಸದಿಂದ ಏನು ಉಪಯೋಗ? ಅದಕ್ಕೇ ಎರಡು ಗುರುತುಗಳನ್ನು ಸರಿಯಾಗಿ ಕಂಸಗಳ ಬಾಗಿಲಲ್ಲಿ ನಿಲ್ಲಿಸಿದ್ದೇನೆ. ಐದನೆಯ ಪ್ಯಾರಾದ ಎದುರು 21:15 ಇದೆ. ಗಡಿಯಾರ 21:35 ದಾಟಿದ್ದರೆ ಐದನ್ನು ಬಿಟ್ಟು ಆರಕ್ಕೆ ಹೋಗು. ಅದಕ್ಕಿಂತ ಕಡಿಮೆ ತಡವಿದ್ದರೆ ಓದು, ಮುಂದೆ ಇನ್ನೊಂದು ಕಂಸ ಕಾದಿದೆ. 20 ಸೆಕೆಂಡು ತಡಕ್ಕೆ 35 ಸೆಕೆಂಡಿನದನ್ನು ಕತ್ತರಿಸಿದರೆ ಬೇಗ ಮುಗಿದುಹೋಗುವುದಿಲ್ಲವೇ ಎಂದು ನಿನಗನ್ನಿಸಬಹುದು. ಆರು ನಿಮಿಷದಲ್ಲಿ 20 ಸೆಕೆಂಡು ಹಿಂದೆ ಬಿದ್ದವಳು ಉಳಿದ ಮೂರು ನಿಮಿಷದಲ್ಲಿ ಇನ್ನೂ ಹತ್ತು ಸೆಕೆಂಡು ಬೀಳುತ್ತಾಳೆ. ಅವತ್ತಿನ ನಿನ್ನ ನಡಿಗೆಯೇ ನಿಧಾನ, ಅಷ್ಟೇ. ಏಳನೆಯದರ ಎದುರು 23:35 ಇದೆ. 23:45 ದಾಟಿದ್ದರೆ ಅಜ್ಜನ ಮಾತು ಬಿಡು.

ಕಂಸ ಹಾಕುವಾಗ ಒಂದು ಎಚ್ಚರ ಬೇಕು, ನಿನ್ನ ಬರಹ ಅದರಲ್ಲಿ ಸೋತಿದೆ. ಆರನೆಯ ಪ್ಯಾರಾ 'ಆ ಊರಿನವರು ಮಾಡಿದಂತೆ' ಎಂದು ಶುರುವಾಗುತ್ತದೆ. ಐದನ್ನು ಬಿಟ್ಟ ದಿನ ಕೇಳುಗ ಯಾವ ಊರು ಎನ್ನುತ್ತಾನೆ. ಅದನ್ನು 'ತೆಗೆದ ಹೂಳನ್ನು ಏನು ಮಾಡಬೇಕು?' ಎಂದು ಬದಲಿಸು, ನಾಲ್ಕರ ಬೆನ್ನಿಗೂ ಐದರ ಬೆನ್ನಿಗೂ ಕೂರುತ್ತದೆ. ಕೊನೆಯ ಪ್ಯಾರಾದಲ್ಲಿ 'ಆ ಅಜ್ಜ ಹೇಳಿದ ಹಾಗೆ' ಎಂದಿದೆ, ಅದನ್ನೂ ತೆಗೆ. ಪೀಠಿಕೆಯಲ್ಲಿ 'ಐದು ವಿಷಯಗಳನ್ನು ಹೇಳುತ್ತೇನೆ' ಎಂದು ಲೆಕ್ಕ ಕೊಟ್ಟಿದ್ದೀಯ. ನಾಲ್ಕೇ ಹೇಳಿದರೆ ಎಣಿಸುತ್ತ ಕೂತವರು ನಿಲಯಕ್ಕೆ ಕಾಗದ ಬರೆಯುತ್ತಾರೆ. ನಮ್ಮ ಕೇಳುಗರಲ್ಲಿ ಅಂಥವರು ಕಡಿಮೆಯೇನಿಲ್ಲ. ಕಂಸದ ಭಾಗಗಳನ್ನು ಬಿಟ್ಟು ಒಮ್ಮೆ ಗಟ್ಟಿಯಾಗಿ ಓದು. ಹೊಲಿಗೆ ಬಿಟ್ಟ ಕಡೆ ಕಿವಿಗೆ ತಾನೇ ಗೊತ್ತಾಗುತ್ತದೆ.

ಬೇಗ ಮುಗಿಯುವ ಅಪಾಯ ಕಡಿಮೆ, ಆದರೂ ಇದೆ. ಮುಗಿದರೆ ಅನಾಹುತವೇನಿಲ್ಲ, ಸ್ವಲ್ಪ ವಾದ್ಯಸಂಗೀತ ಹಾಕಿ ತುಂಬಿಸುತ್ತಾರೆ. ಆದರೂ 20 ಸೆಕೆಂಡಿನ ಎರಡು ಮೂರು ವಾಕ್ಯಗಳನ್ನು ಬೇರೆ ಹಾಳೆಯಲ್ಲಿ ಬರೆದು, ಕೊನೆಯ ಪ್ಯಾರಾದ ಮೇಲಿಟ್ಟಿರು. ಅಲ್ಲಿಗೆ ಬಂದಾಗ ಗಡಿಯಾರ 23:35ಕ್ಕಿಂತ ಹಿಂದಿದ್ದರೆ ಅದನ್ನು ಓದು, ಇಲ್ಲದಿದ್ದರೆ ಮಗುಚಿ ಪಕ್ಕಕ್ಕಿಡು.

ಇನ್ನು ಕೊನೆಯ ಪ್ಯಾರಾ. ರೇಡಿಯೋದವರು ಇದಕ್ಕೆ ಬ್ಯಾಕ್ ಟೈಮಿಂಗ್ ಎನ್ನುತ್ತಾರೆ, ಮುಗಿಯುವ ಹೊತ್ತಿನಿಂದ ಹಿಂದಕ್ಕೆ ಎಣಿಸುವುದು. ನಿನ್ನ ಮಾತು ಏನೇ ಆದರೂ 24:45ಕ್ಕೆ ಮುಗಿಯಲೇಬೇಕು. ಕೊನೆಯ ಪ್ಯಾರಾ 40 ಸೆಕೆಂಡು. ಹಾಗಾದರೆ 24:05ಕ್ಕೆ ಅದು ಶುರುವಾಗಲೇಬೇಕು. ಈ 24:05 ಅನ್ನು ಕೆಂಪು ಪೆನ್ಸಿಲಿನಲ್ಲಿ ಬರೆ. ಉಳಿದ ಗುರುತುಗಳು ಸಲಹೆ ಕೊಡುತ್ತವೆ, ಇದು ಆಜ್ಞೆ ಮಾಡುತ್ತದೆ. ಆ ಹೊತ್ತಿಗೆ ಆರನೆಯ ಪ್ಯಾರಾದ ನಡುವೆ ಸಿಕ್ಕಿಕೊಂಡಿದ್ದರೂ ಹಿಡಿದ ವಾಕ್ಯ ಮುಗಿಸಿ, ಒಂದು ಉಸಿರು ತೆಗೆದುಕೊಂಡು ಕೊನೆಗೆ ಜಿಗಿ. ಏನು ಬಿಟ್ಟೆ ಎಂದು ನಿನಗೆ ಮಾತ್ರ ಗೊತ್ತು. ಕೊನೆಯ ಎರಡು ವಾಕ್ಯಗಳ ಕೆಳಗೆ ಗೆರೆ ಎಳೆದಿಡು, ಅವೆರಡಕ್ಕೆ 15 ಸೆಕೆಂಡು. ಎಲ್ಲವೂ ಕೈತಪ್ಪಿದ ದಿನ 24:30ಕ್ಕೆ ಅವನ್ನಾದರೂ ಹೇಳಬಹುದು. ಹೂಳನ್ನು ಹೊಲಕ್ಕೆ ಹಾಕುವ ಮೊದಲು ಮಣ್ಣು ಪರೀಕ್ಷೆ ಮಾಡಿಸಿ ಎಂಬ ಮಾತು ಆ ಎರಡರಲ್ಲೇ ಇದೆಯಲ್ಲ? ಅದು ಕೇಳದೆ ಹೋದರೆ ನನ್ನ ಹಾವಿನ ಕತೆಯೇ ಆಗುತ್ತದೆ. ನನ್ನನ್ನು ಕೇಳಿದರೆ ಆ ಮಾತನ್ನು ಪೀಠಿಕೆಯಲ್ಲೂ ಒಮ್ಮೆ ಹೇಳಿಬಿಡು. ಅದಕ್ಕೆ ಬೇಕಾದ ನಾಲ್ಕು ಸೆಕೆಂಡು ನಾಲ್ಕನೆಯ ಪ್ಯಾರಾದ ಅಂಕಿಗಳನ್ನು ಮೊಟಕು ಮಾಡಿದರೆ ಸಿಗುತ್ತದೆ. ಆಮೇಲೆ ಇನ್ನೊಮ್ಮೆ ಪೂರ್ತಿ ಓದಿ ಗುರುತುಗಳನ್ನು ತಿದ್ದಿಕೊ.

ಗಡಿಯಾರವನ್ನು ಗುರುತಿದ್ದ ಕಡೆ ಮಾತ್ರ ನೋಡು, ಅದೂ ಪ್ಯಾರಾ ಮುಗಿದ ನಿಶ್ಶಬ್ದದಲ್ಲಿ ಒಮ್ಮೆ. ಸಾಲಿನ ನಡುವೆ ತಲೆ ಎತ್ತಿದರೆ ಮರಳುವಾಗ ಕಣ್ಣು ಬೇರೆ ಸಾಲಿಗೆ ಇಳಿಯುತ್ತದೆ. ಸ್ಟುಡಿಯೋಗೆ ಹೋದ ತಕ್ಷಣ ಗಡಿಯಾರ ಎಲ್ಲಿದೆ, ಅದು ಮುಳ್ಳಿನದೋ ಅಂಕಿಯದೋ, ಕೂತಲ್ಲಿಂದ ಕಾಣುತ್ತದೋ ನೋಡಿಕೊ. ನಿನ್ನ ಕೈಗಡಿಯಾರವನ್ನು ಅದಕ್ಕೆ ಸೆಕೆಂಡಿನ ಮಟ್ಟಕ್ಕೆ ಹೊಂದಿಸಿ ಮೇಜಿನ ಮೇಲಿಡು. ಮೊಬೈಲು ನಂಬಬೇಡ. ಪರದೆ ತಾನೇ ಆರುತ್ತದೆ, ಮೈಕಿನ ಹತ್ತಿರ ಗುರ್ ಎನ್ನುತ್ತದೆ, ಒಳಗೆ ಬಿಡುವುದೂ ಅನುಮಾನ. ಹಾಳೆಯ ಒಂದೇ ಬದಿಯಲ್ಲಿ ಬರೆ, ಪಿನ್ನು ತೆಗೆ, ಯಾವ ಪ್ಯಾರಾವೂ ಹಾಳೆಯಿಂದ ಹಾಳೆಗೆ ಹರಿಯದಿರಲಿ. ಓದಿ ಮುಗಿದ ಹಾಳೆಯನ್ನು ಎತ್ತದೆ ಪಕ್ಕಕ್ಕೆ ಸರಿಸು.

ಕೊನೆಯ ಪೂರ್ಣವಿರಾಮದ ನಂತರ ಸುಮ್ಮನೆ ಕೂತಿರು. ಉದ್ಘೋಷಕರ ದನಿ ಬಂದರೂ ನಿನ್ನ ಮೈಕು ಮುಚ್ಚಿದೆ ಎಂದೇನೂ ಅಲ್ಲ. ಕೆಂಪು ದೀಪ ಆರುವವರೆಗೆ 'ಅಬ್ಬಾ' ಎನ್ನಬೇಡ. ಒಮ್ಮೆ ನಾನು ಅಂದಿದ್ದೆ. ಅದನ್ನು ಊರೆಲ್ಲ ಕೇಳಿತು, ನಿನ್ನ ದೊಡ್ಡಮ್ಮ ಇವತ್ತಿಗೂ ಅನುಕರಣೆ ಮಾಡುತ್ತಾಳೆ.

ತಿದ್ದಿದ ಪ್ರತಿಯನ್ನು ಶುಕ್ರವಾರದೊಳಗೆ ಕಳಿಸು. ಪ್ರಸಾರದ ದಿನ ಬೆಳಗ್ಗೆ ರೇಡಿಯೋ ಪಕ್ಕದಲ್ಲಿ ಅದನ್ನೇ ಇಟ್ಟುಕೊಂಡು, ಕೈಯಲ್ಲಿ ಗಡಿಯಾರ ಹಿಡಿದು ಕೂತಿರುತ್ತೇನೆ. ಯಾವ ಕಂಸ ಬಿಟ್ಟೆ ಎಂದು ನನಗೂ ಗೊತ್ತಾಗಬೇಕಲ್ಲ.

ನಿನ್ನ ದೊಡ್ಡಪ್ಪ